ಮೇಲಿನಿಂದ ಕೆಳಕ್ಕೆ ಒಂದೇ ಬಾಣ ಸಾಕೇ? ನೈಟ್ರೋಜನ್, ಆಕ್ಸಿಜನ್, ಹ್ಯಾಲೊಜನ್ ಕುಟುಂಬಗಳ ರಿವಿಷನ್ ಚಾರ್ಟ್‌ನಲ್ಲಿ ಎಷ್ಟು ಸತ್ಯ?

ಪಿಯು ಪರೀಕ್ಷೆ, ಸಿಇಟಿ, ನೀಟ್ ಹತ್ತಿರ ಬಂದಂತೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಪುಟದ ಚಾರ್ಟ್‌ಗಳು ಓಡಾಡಲು ಶುರುವಾಗುತ್ತವೆ. "ಇನಾರ್ಗ್ಯಾನಿಕ್ ಪೂರ್ತಿ ಹತ್ತೇ ನಿಮಿಷದಲ್ಲಿ", "ತಪ್ಪದೆ ಎಲ್ಲರಿಗೂ ಕಳಿಸಿ" ಎಂಬ ಒಕ್ಕಣೆ ಬೇರೆ. ಇಂತಹ ಚಾರ್ಟ್‌ಗಳ ಸಾಮಾನ್ಯ ರೂಪ ಹೀಗಿರುತ್ತದೆ: ಮೂರು ಕಂಬಸಾಲು, ಮೇಲೆ 15, 16, 17 ಎಂಬ ಗುಂಪಿನ ಸಂಖ್ಯೆ, ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಎಳೆದ ಒಂದು ದಪ್ಪ ಬಾಣ. ಬಾಣದ ಮೇಲೆ "ಹೆಚ್ಚುತ್ತದೆ" ಅಥವಾ "ಕಡಿಮೆಯಾಗುತ್ತದೆ" ಎಂಬ ಒಂದೇ ಪದ. ಕೊನೆಯಲ್ಲಿ ಪ್ರತಿ ವಸ್ತುವಿನ ಉಪಯೋಗವನ್ನು ಒಂದೊಂದು ಪದದಲ್ಲಿ ಬರೆದಿರುತ್ತಾರೆ.

ಆ ಬಾಣವನ್ನು ನಂಬಬಹುದೇ? ಇಂತಹ ಚಾರ್ಟ್‌ಗಳಲ್ಲಿ ಪದೇ ಪದೇ ಕಾಣುವ ನಾಲ್ಕು ಹೇಳಿಕೆಗಳನ್ನು ನಾವು ಒಂದೊಂದಾಗಿ ಪರಿಶೀಲಿಸಿದ್ದೇವೆ. ಕೊನೆಯಲ್ಲಿ "ಉಪಯೋಗಗಳು" ಎಂಬ ಸಾಲನ್ನೂ ನೋಡಿದ್ದೇವೆ. ಅಲ್ಲಿ ತಪ್ಪಿದರೆ ಹೋಗುವುದು ಅಂಕ ಮಾತ್ರವಲ್ಲ.

ಚುಟುಕಾಗಿ ಹೇಳುವುದಾದರೆ

ಬಾಣ ಅರ್ಧ ಸತ್ಯ. ಪರಮಾಣುವಿನ ಗಾತ್ರ, ಎಲೆಕ್ಟ್ರೊನೆಗೆಟಿವಿಟಿ, ಲೋಹದ ಗುಣ ಇವುಗಳಿಗೆ ಅದು ಸರಿಯಾಗಿಯೇ ಹೊಂದುತ್ತದೆ. ಆದರೆ ಮೂರೂ ಕುಟುಂಬಗಳಲ್ಲಿ ಮೊದಲ ಸದಸ್ಯರಾದ ನೈಟ್ರೋಜನ್, ಆಕ್ಸಿಜನ್ ಮತ್ತು ಫ್ಲೋರಿನ್ ಹಲವು ಕಡೆ ಬಾಣಕ್ಕೆ ಸಿಗುವುದಿಲ್ಲ. ಅದಕ್ಕೆ ಕಾರಣ ಮೂರು ಕಡೆಯೂ ಒಂದೇ. ಆ ಪರಮಾಣುಗಳು ತೀರಾ ಚಿಕ್ಕವು. ಪರೀಕ್ಷೆಯಲ್ಲಿ ಪ್ರಶ್ನೆ ಬರುವುದೂ ಬಹುಮಟ್ಟಿಗೆ ಅಲ್ಲಿಂದಲೇ.

ಬಾಣ ಎಲ್ಲಿ ಸರಿ?

ನೈಟ್ರೋಜನ್ ಕುಟುಂಬದ ಪರಮಾಣುಗಳ ಹೊರಕವಚದಲ್ಲಿ ಐದು ಎಲೆಕ್ಟ್ರಾನ್‌ಗಳಿವೆ. ಆಕ್ಸಿಜನ್ ಕುಟುಂಬದಲ್ಲಿ ಆರು, ಹ್ಯಾಲೊಜನ್‌ಗಳಲ್ಲಿ ಏಳು. ಎಂಟು ತುಂಬಿದರೆ ಕವಚ ಪೂರ್ಣ. ಅಂದರೆ ಮೊದಲ ಕುಟುಂಬಕ್ಕೆ ಮೂರು ಕೊರತೆ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಒಂದು. ಈ ಕೊರತೆಯೇ ಇವುಗಳ ಅಣುಗಳ ರೂಪವನ್ನು ನಿರ್ಧರಿಸುತ್ತದೆ. ಎರಡು ನೈಟ್ರೋಜನ್ ಪರಮಾಣುಗಳು ಮೂರು ಬಂಧಗಳಿಂದ, ಎರಡು ಆಕ್ಸಿಜನ್‌ಗಳು ಎರಡು ಬಂಧಗಳಿಂದ, ಎರಡು ಫ್ಲೋರಿನ್‌ಗಳು ಒಂದೇ ಬಂಧದಿಂದ ಕೂಡಿಕೊಳ್ಳುತ್ತವೆ.

ಗುಂಪಿನಲ್ಲಿ ಕೆಳಗೆ ಇಳಿದಂತೆ ಪ್ರತಿ ಮೆಟ್ಟಿಲಿಗೂ ಒಂದು ಹೊಸ ಕವಚ ಸೇರುತ್ತದೆ. ಪರಮಾಣು ದೊಡ್ಡದಾಗುತ್ತದೆ, ಹೊರಗಿನ ಎಲೆಕ್ಟ್ರಾನ್ ಮೇಲೆ ಅದರ ಹಿಡಿತ ಸಡಿಲವಾಗುತ್ತದೆ. ಆದ್ದರಿಂದ ಎಲೆಕ್ಟ್ರೊನೆಗೆಟಿವಿಟಿ ಇಳಿಯುತ್ತದೆ, ಲೋಹದ ಗುಣ ಏರುತ್ತದೆ. ನೈಟ್ರೋಜನ್ ಅನಿಲ, ಅದೇ ಕುಟುಂಬದ ತಳದಲ್ಲಿರುವ ಬಿಸ್ಮತ್ ಲೋಹ. ಹ್ಯಾಲೊಜನ್‌ಗಳಲ್ಲಿ ಫ್ಲೋರಿನ್ ಮತ್ತು ಕ್ಲೋರಿನ್ ಅನಿಲ, ಬ್ರೋಮಿನ್ ದ್ರವ, ಅಯೋಡಿನ್ ಘನ. ಇಷ್ಟರ ಮಟ್ಟಿಗೆ ಬಾಣವನ್ನು ಕಣ್ಣು ಮುಚ್ಚಿ ನಂಬಬಹುದು.

ಹೇಳಿಕೆ 1: "ಹ್ಯಾಲೊಜನ್‌ಗಳಲ್ಲಿ ಫ್ಲೋರಿನ್ ಎಲ್ಲದರಲ್ಲೂ ನಂಬರ್ ಒನ್"

ತೀರ್ಪು: ಅರ್ಧ ಸತ್ಯ.

ಅನಿಲ ಸ್ಥಿತಿಯ ಒಂಟಿ ಪರಮಾಣುವಿಗೆ ಹೊರಗಿನಿಂದ ಒಂದು ಎಲೆಕ್ಟ್ರಾನ್ ಕೊಟ್ಟರೆ ಶಕ್ತಿ ಬಿಡುಗಡೆಯಾಗುತ್ತದೆ. ಇದನ್ನು ಎಲೆಕ್ಟ್ರಾನ್ ಗೇನ್ ಎಂಥಾಲ್ಪಿ ಎನ್ನುತ್ತಾರೆ. ಬಾಣದ ಪ್ರಕಾರ ಫ್ಲೋರಿನ್‌ನಲ್ಲಿ ಇದು ಅತಿ ಹೆಚ್ಚು ಇರಬೇಕು. ಪಠ್ಯಪುಸ್ತಕದ ಕೋಷ್ಟಕದಲ್ಲಿ ಫ್ಲೋರಿನ್‌ಗೆ ಪ್ರತಿ ಮೋಲ್‌ಗೆ 333 ಕಿಲೋಜೂಲ್ ಎಂದಿದೆ, ಕ್ಲೋರಿನ್‌ಗೆ 349. ಇಲ್ಲಿ ಗೆದ್ದದ್ದು ಕ್ಲೋರಿನ್. ಎಲ್ಲ ಮೂಲವಸ್ತುಗಳನ್ನು ಸಾಲಾಗಿ ನಿಲ್ಲಿಸಿದರೂ ಈ ವಿಷಯದಲ್ಲಿ ಕ್ಲೋರಿನ್‌ಗೇ ಮೊದಲ ಸ್ಥಾನ.

ಏಕೆ ಹೀಗೆ? ಫ್ಲೋರಿನ್ ಪರಮಾಣು ತುಂಬ ಚಿಕ್ಕದು. ಅದರ ಹೊರಕವಚದಲ್ಲಿ ಈಗಾಗಲೇ ಏಳು ಎಲೆಕ್ಟ್ರಾನ್‌ಗಳು ಒತ್ತೊತ್ತಾಗಿ ಕೂತಿವೆ. ಮದುವೆ ಸೀಸನ್ನಿನ ಬಸ್ಸಿನ ಹಾಗೆ, ಹತ್ತಬೇಕೆಂಬ ಆಸೆ ಎಷ್ಟಿದ್ದರೂ ಒಳಗಿರುವವರು ತಳ್ಳುತ್ತಾರೆ. ಎಂಟನೆಯ ಎಲೆಕ್ಟ್ರಾನ್ ಬಂದಾಗ ಈ ತಳ್ಳಾಟಕ್ಕೆ ಸ್ವಲ್ಪ ಶಕ್ತಿ ಖರ್ಚಾಗುತ್ತದೆ. ಕ್ಲೋರಿನ್ ಒಂದು ಸುತ್ತು ದೊಡ್ಡದು, ಅಲ್ಲಿ ಜಾಗವಿದೆ. ಪಕ್ಕದ ಕುಟುಂಬದಲ್ಲೂ ಇದೇ ಕತೆ. ಆಕ್ಸಿಜನ್‌ಗೆ ಸುಮಾರು 141, ಅದರ ಕೆಳಗಿನ ಗಂಧಕಕ್ಕೆ 200.

ಇದೇ ತಳ್ಳಾಟ ಅಣುವಿನೊಳಗೂ ನಡೆಯುತ್ತದೆ. ಎರಡು ಫ್ಲೋರಿನ್ ಪರಮಾಣುಗಳು ಹತ್ತಿರ ಬಂದಾಗ ಬಂಧದಲ್ಲಿ ಸೇರದ ಎಲೆಕ್ಟ್ರಾನ್ ಜೋಡಿಗಳು ಒಂದನ್ನೊಂದು ನೂಕುತ್ತವೆ. ಹೀಗಾಗಿ F₂ ಬಂಧ ಮುರಿಯಲು ಸುಮಾರು 159 ಕಿಲೋಜೂಲ್ ಸಾಕು, Cl₂ ಬಂಧಕ್ಕೆ ಸುಮಾರು 243 ಬೇಕು. ಬಂಧದ ಬಲದ ಕ್ರಮ ಕೇಳಿದರೆ ಉತ್ತರ Cl₂ > Br₂ > F₂ > I₂.

ಹಾಗಾದರೆ ಅತ್ಯಂತ ಪ್ರಬಲ ಉತ್ಕರ್ಷಣಕಾರಿ, ಅಂದರೆ ಬೇರೆಯವರಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವುದರಲ್ಲಿ ಮುಂದಿರುವುದು, ಫ್ಲೋರಿನ್ ಅಲ್ಲವೇ? ಹೌದು, ಅದೇ. ಗೊಂದಲ ಹುಟ್ಟುವುದು ಇಲ್ಲಿಯೇ. ನೀರಿನಲ್ಲಿ ಈ ಕೆಲಸ ಮೂರು ಹಂತಗಳಲ್ಲಿ ನಡೆಯುತ್ತದೆ ಎಂದು ಲೆಕ್ಕ ಹಾಕೋಣ. ಮೊದಲು ಅಣು ಒಡೆಯಬೇಕು, ಆಮೇಲೆ ಪರಮಾಣು ಎಲೆಕ್ಟ್ರಾನ್ ಪಡೆಯಬೇಕು, ಕೊನೆಗೆ ಆ ಅಯಾನನ್ನು ನೀರಿನ ಅಣುಗಳು ಸುತ್ತುವರಿಯಬೇಕು.

- ಫ್ಲೋರಿನ್: ಅಣು ಒಡೆಯಲು 159ರ ಅರ್ಧ, ಅಂದರೆ ಸುಮಾರು 79 ಖರ್ಚು. ಎಲೆಕ್ಟ್ರಾನ್ ಪಡೆದಾಗ 333 ಲಾಭ. ನೀರು ಸುತ್ತುವರಿದಾಗ 515 ಲಾಭ. ನಿವ್ವಳ ಲಾಭ ಸುಮಾರು 769.
- ಕ್ಲೋರಿನ್: ಒಡೆಯಲು ಸುಮಾರು 121 ಖರ್ಚು. ಎಲೆಕ್ಟ್ರಾನ್‌ನಿಂದ 349 ಲಾಭ. ನೀರಿನಿಂದ 381 ಲಾಭ. ನಿವ್ವಳ ಲಾಭ ಸುಮಾರು 609.

ಎರಡನೆಯ ಹಂತದಲ್ಲಿ ಫ್ಲೋರಿನ್ ಸೋತಿದೆ, ಆದರೆ ಮೊದಲ ಮತ್ತು ಮೂರನೆಯ ಹಂತಗಳಲ್ಲಿ ಭರ್ಜರಿಯಾಗಿ ಗೆದ್ದಿದೆ. ಸಡಿಲ ಬಂಧವಾದ್ದರಿಂದ ಖರ್ಚು ಕಡಿಮೆ. ಚಿಕ್ಕ ಅಯಾನಾದ್ದರಿಂದ ನೀರು ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಒಂದೇ ಚಿಕ್ಕ ಗಾತ್ರ ಒಂದು ಕಡೆ ಅಡ್ಡಿ, ಎರಡು ಕಡೆ ಅನುಕೂಲ. "ಎಲೆಕ್ಟ್ರಾನ್ ಗೇನ್ ಎಂಥಾಲ್ಪಿ ಹೆಚ್ಚು, ಆದ್ದರಿಂದ ಫ್ಲೋರಿನ್ ಪ್ರಬಲ ಉತ್ಕರ್ಷಣಕಾರಿ" ಎಂದು ಚಾರ್ಟ್‌ನಲ್ಲಿದ್ದರೆ ಉತ್ತರ ಸರಿ, ಕಾರಣ ತಪ್ಪು.

ಹೇಳಿಕೆ 2: "15ನೇ ಗುಂಪು ಸೋಮಾರಿ, 17ನೇ ಗುಂಪು ಚುರುಕು"

ತೀರ್ಪು: ಮೊದಲ ಸದಸ್ಯನಿಗೆ ಸರಿ, ಕುಟುಂಬಕ್ಕೆ ಸರಿಯಲ್ಲ.

ನೈಟ್ರೋಜನ್ ಸುಲಭವಾಗಿ ಯಾರ ಜೊತೆಗೂ ಸೇರುವುದಿಲ್ಲ ಎಂಬುದು ನಿಜ. ನಮ್ಮ ಸುತ್ತಲಿನ ಗಾಳಿಯ ಸುಮಾರು 78 ಭಾಗ ಅದೇ, ಆದರೂ ನಾವು ಬೆಂಕಿಕಡ್ಡಿ ಗೀರಿದಾಗ ಅದು ಉರಿಯುವುದಿಲ್ಲ. ಚಿಪ್ಸ್ ಪ್ಯಾಕೆಟ್ ಉಬ್ಬಿರುವುದೂ ಇದರಿಂದಲೇ. "ಗಾಳಿ ತುಂಬಿ ಮೋಸ ಮಾಡುತ್ತಾರೆ" ಎಂಬ ಫಾರ್ವರ್ಡ್ ನೀವೂ ನೋಡಿರಬಹುದು. ಸಾಮಾನ್ಯವಾಗಿ ಒಳಗೆ ತುಂಬುವುದು ನೈಟ್ರೋಜನ್. ಮಾಮೂಲಿ ಗಾಳಿ ತುಂಬಿದರೆ ಅದರಲ್ಲಿರುವ ಆಕ್ಸಿಜನ್ ಎಣ್ಣೆಯನ್ನು ಕೆಡಿಸಿ ಕಮಟು ವಾಸನೆ ತರುತ್ತದೆ.

ಈ ಸೋಮಾರಿತನಕ್ಕೆ ಕಾರಣ ಮತ್ತೆ ಚಿಕ್ಕ ಗಾತ್ರ. ಎರಡು ನೈಟ್ರೋಜನ್‌ಗಳು ಅತಿ ಹತ್ತಿರ ಬಂದು ಮೂರು ಬಂಧಗಳನ್ನು ಕಟ್ಟಿಕೊಳ್ಳಬಲ್ಲವು. ಈ ಮೂರು ಎಳೆಯ ಗಂಟು ಬಿಡಿಸಲು ಪ್ರತಿ ಮೋಲ್‌ಗೆ ಸುಮಾರು 941 ಕಿಲೋಜೂಲ್ ಬೇಕು. ಫ್ಲೋರಿನ್‌ನ ಬಂಧಕ್ಕೆ ಹೋಲಿಸಿದರೆ ಇದು ಸುಮಾರು ಆರು ಪಟ್ಟು. ಅದೇ ಎರಡು ನೈಟ್ರೋಜನ್‌ಗಳ ನಡುವೆ ಒಂದೇ ಬಂಧವಿದ್ದರೆ ಅದು ದುರ್ಬಲ. ಅಲ್ಲೂ ಫ್ಲೋರಿನ್‌ನಂತೆಯೇ ತಳ್ಳಾಟ.

ಈಗ ಒಂದು ಮೆಟ್ಟಿಲು ಕೆಳಗಿಳಿದು ರಂಜಕವನ್ನು ನೋಡಿ. ಅದು ದೊಡ್ಡ ಪರಮಾಣು, ಅಷ್ಟು ಹತ್ತಿರ ಬಂದು ಮೂರು ಬಂಧ ಕಟ್ಟುವುದು ಅದಕ್ಕೆ ಕಷ್ಟ. ಆದ್ದರಿಂದ ನಾಲ್ಕು ಪರಮಾಣುಗಳು ಸೇರಿ P₄ ಎಂಬ ನಾಲ್ಕು ಮೂಲೆಯ ಗೂಡು ಕಟ್ಟುತ್ತವೆ. ಆ ಗೂಡಿನಲ್ಲಿ ಬಂಧಗಳ ನಡುವಿನ ಕೋನ ಬರೀ 60 ಡಿಗ್ರಿ. ಬಿಲ್ಲನ್ನು ಬಲವಂತವಾಗಿ ಬಗ್ಗಿಸಿ ಹಿಡಿದಂತೆ ಅದು ಸದಾ ಬಿಗುವಿನಲ್ಲಿರುತ್ತದೆ. ಇದೇ ಬಿಳಿ ರಂಜಕ. ಗಾಳಿಯಲ್ಲಿ ಸುಮಾರು 30 ಡಿಗ್ರಿ ಸೆಲ್ಸಿಯಸ್ ಆದರೆ ಸಾಕು, ತಾನಾಗಿ ಹೊತ್ತಿಕೊಳ್ಳುತ್ತದೆ. ಅದಕ್ಕಾಗಿ ಅದನ್ನು ನೀರಿನಲ್ಲಿ ಮುಳುಗಿಸಿಡುತ್ತಾರೆ. ಒಂದೇ ಕುಟುಂಬದ ಅಕ್ಕಪಕ್ಕದ ಇಬ್ಬರಲ್ಲಿ ಒಬ್ಬನನ್ನು ಬೆಂಕಿಯೂ ಮುಟ್ಟುವುದಿಲ್ಲ, ಇನ್ನೊಬ್ಬನಿಗೆ ಬೇಸಿಗೆಯ ಮಧ್ಯಾಹ್ನವೇ ಸಾಕು.

ಆಕ್ಸಿಜನ್ ಕುಟುಂಬವೂ ಇದೇ ದಾರಿ ಹಿಡಿಯುತ್ತದೆ. ಚಿಕ್ಕ ಆಕ್ಸಿಜನ್ O₂ ಆಗಿ ಅನಿಲ. ದೊಡ್ಡ ಗಂಧಕ ಎರಡು ಬಂಧದ ಜೋಡಿಯಾಗುವ ಬದಲು ಎಂಟು ಪರಮಾಣುಗಳ ಬಳೆಯಾಗಿ, S₈ ಆಗಿ, ಹಳದಿ ಪುಡಿಯ ರೂಪದಲ್ಲಿ ನಮ್ಮ ಕೈಗೆ ಸಿಗುತ್ತದೆ.

ಒಂದು ಬೆಂಕಿಪೊಟ್ಟಣದಲ್ಲಿ ಮೂರು ಕುಟುಂಬ

ಈ ಮೂರೂ ಗುಂಪುಗಳ ಉಪಯೋಗವನ್ನು ಒಟ್ಟಿಗೆ ನೆನಪಿಟ್ಟುಕೊಳ್ಳಲು ಅಡುಗೆಮನೆಯ ಬೆಂಕಿಪೊಟ್ಟಣ ಸಾಕು. ಕಡ್ಡಿಯ ತಲೆಯಲ್ಲಿ ಮುಖ್ಯವಾಗಿ ಇರುವುದು ಪೊಟ್ಯಾಸಿಯಂ ಕ್ಲೋರೇಟ್, KClO₃. ಅದರ ಜೊತೆಗೆ ಗಂಧಕ ಮತ್ತು ಅಂಟು. ಪೊಟ್ಟಣದ ಪಕ್ಕದ ಕಂದು ಪಟ್ಟಿಯಲ್ಲಿ ಕೆಂಪು ರಂಜಕ ಮತ್ತು ಗಾಜಿನ ಪುಡಿ. ಕೆಂಪು ರಂಜಕದಲ್ಲಿ P₄ ಗೂಡುಗಳು ಬಿಚ್ಚಿಕೊಂಡು ಸರಪಳಿಯಾಗಿರುತ್ತವೆ. ಬಿಗುವು ಕಡಿಮೆಯಾದ್ದರಿಂದ ಅದು ತಾನಾಗಿ ಉರಿಯುವುದಿಲ್ಲ.

ಗೀರಿದಾಗ ಗಾಜಿನ ಪುಡಿಯ ತಿಕ್ಕಾಟದಿಂದ ಬಿಸಿ ಹುಟ್ಟುತ್ತದೆ. ಪಟ್ಟಿಯಿಂದ ಕಿತ್ತುಬಂದ ಒಂದಿಷ್ಟು ರಂಜಕ ಕ್ಲೋರೇಟ್ ಜೊತೆ ಸೇರಿ ಕಿಡಿಯಾಗುತ್ತದೆ:

5KClO₃ + 6P → 5KCl + 3P₂O₅

ಆ ಕಿಡಿಗೆ ಗಂಧಕ ಹೊತ್ತಿಕೊಂಡು, ಅಲ್ಲಿಂದ ಕಡ್ಡಿಗೆ ಬೆಂಕಿ ಹತ್ತುತ್ತದೆ. ಇಲ್ಲಿ ಇಂಧನ ಕೊಟ್ಟವರು 15 ಮತ್ತು 16ನೇ ಗುಂಪಿನ ರಂಜಕ ಹಾಗೂ ಗಂಧಕ. ಉರಿಯಲು ಬೇಕಾದ ಆಕ್ಸಿಜನ್ನನ್ನು ಹೊತ್ತು ತಂದದ್ದು 17ನೇ ಗುಂಪಿನ ಕ್ಲೋರಿನ್‌ನ ಲವಣ.

ಹಿಂದೆ ಕಡ್ಡಿಯ ತಲೆಯಲ್ಲೇ ಬಿಳಿ ರಂಜಕ ಇರುತ್ತಿತ್ತು. ಅದರ ಆವಿಯಲ್ಲಿ ಕೆಲಸ ಮಾಡಿದ ಕಾರ್ಮಿಕರ ದವಡೆ ಮೂಳೆ ಕೊಳೆಯುತ್ತಿತ್ತು. 1906ರ ಬರ್ನ್ ಒಪ್ಪಂದ ಬಿಳಿ ರಂಜಕದ ಕಡ್ಡಿಗಳನ್ನು ನಿಷೇಧಿಸಿತು, ಭಾರತದಲ್ಲಿ 1913ರಲ್ಲಿ ಕಾನೂನು ಬಂತು. ಬಿಳಿ ಮತ್ತು ಕೆಂಪು ರಂಜಕದ ವ್ಯತ್ಯಾಸ ಎಂಬ ಎರಡು ಅಂಕದ ಪ್ರಶ್ನೆಯ ಹಿಂದೆ ಇಷ್ಟು ಜನರ ನೋವಿದೆ.

ಹೇಳಿಕೆ 3: "ಹೈಡ್ರೋಜನ್ ಬಂಧದಿಂದಾಗಿ ಮೂರೂ ಗುಂಪುಗಳಲ್ಲಿ ಮೊದಲ ಹೈಡ್ರೈಡ್‌ನ ಕುದಿಬಿಂದುವೇ ಅತಿ ಹೆಚ್ಚು"

ತೀರ್ಪು: ಎರಡು ಗುಂಪುಗಳಿಗೆ ಸರಿ, ಒಂದಕ್ಕೆ ತಪ್ಪು.

ಮೊದಲು ಅಂಕಿಗಳನ್ನೇ ನೋಡಿಬಿಡೋಣ. ಎಲ್ಲವೂ ಡಿಗ್ರಿ ಸೆಲ್ಸಿಯಸ್‌ನಲ್ಲಿವೆ.

- 16ನೇ ಗುಂಪು: ನೀರು (H₂O) 100. ಅದರ ಕೆಳಗಿನ H₂S ಸುಮಾರು −60. ಇನ್ನೂ ಕೆಳಗಿನ H₂Te ಸುಮಾರು −2.
- 17ನೇ ಗುಂಪು: HF ಸುಮಾರು 20. HCl −85, HBr −67, HI −35.
- 15ನೇ ಗುಂಪು: ಅಮೋನಿಯಾ (NH₃) −33. PH₃ −88, AsH₃ −62, SbH₃ −17, BiH₃ ಸುಮಾರು 17.

ನೀರು ಮತ್ತು HF ತಮ್ಮ ಕುಟುಂಬದಲ್ಲಿ ಮೇಲಿವೆ. ಅಮೋನಿಯಾ ಮಾತ್ರ PH₃ ಮತ್ತು AsH₃ಗಳನ್ನು ದಾಟಿ, SbH₃ ಮತ್ತು BiH₃ ಮುಂದೆ ಸೋತು ನಡುವೆ ಉಳಿದಿದೆ. ಕ್ರಮ ಬರೆಯಲು ಕೇಳಿದರೆ PH₃ < AsH₃ < NH₃ < SbH₃ < BiH₃. ಬಾಣವನ್ನೇ ನಂಬಿದವರು ತಪ್ಪುವುದು ಇಲ್ಲಿ.

ಕಾರಣ ಸರಳ. ಹೈಡ್ರೋಜನ್ ಬಂಧಕ್ಕೆ ಎರಡು ವಸ್ತು ಬೇಕು. ಚಾಚುವ ಕೈಯಾಗಿ ಒಂದು ಹೈಡ್ರೋಜನ್, ಆ ಕೈ ಹಿಡಿಯಲು ಎದುರಿನ ಅಣುವಿನಲ್ಲಿ ಒಂದು ಹಿಡಿಕೆ. ಬಂಧದಲ್ಲಿ ಸೇರದೆ ಉಳಿದ ಎಲೆಕ್ಟ್ರಾನ್ ಜೋಡಿಯೇ ಆ ಹಿಡಿಕೆ, ತರಗತಿಯಲ್ಲಿ ಅದನ್ನು ಲೋನ್ ಪೇರ್ ಎನ್ನುತ್ತಾರೆ. ಅಮೋನಿಯಾಕ್ಕೆ ಮೂರು ಕೈ, ಒಂದೇ ಹಿಡಿಕೆ. HFಗೆ ಒಂದೇ ಕೈ, ಮೂರು ಹಿಡಿಕೆ. ನೀರಿಗೆ ಎರಡು ಕೈ, ಎರಡು ಹಿಡಿಕೆ.

ಕೈಗಳೆಷ್ಟಿದ್ದರೂ ಹಿಡಿಕೆ ಇಲ್ಲದಿದ್ದರೆ ಬಂಧವಿಲ್ಲ. ಆದ್ದರಿಂದ ಸರಾಸರಿ ಲೆಕ್ಕದಲ್ಲಿ ಅಮೋನಿಯಾ ಮತ್ತು HF ಎರಡಕ್ಕೂ ಅಣುವಿಗೆ ಒಂದೇ ಬಂಧ, ನೀರಿಗೆ ಎರಡು. HFನ ಒಂದೊಂದು ಬಂಧವೂ ನೀರಿನದಕ್ಕಿಂತ ಗಟ್ಟಿ, ಆದರೂ ಸಂಖ್ಯೆಯಲ್ಲಿ ನೀರು ಗೆಲ್ಲುತ್ತದೆ. ಅಮೋನಿಯಾಕ್ಕೆ ಎರಡೂ ಕಡೆ ನಷ್ಟ. ಬಂಧದ ಸಂಖ್ಯೆಯೂ ಕಡಿಮೆ, ನೈಟ್ರೋಜನ್‌ನ ಎಲೆಕ್ಟ್ರೊನೆಗೆಟಿವಿಟಿ ಆಕ್ಸಿಜನ್, ಫ್ಲೋರಿನ್‌ಗಿಂತ ಕಡಿಮೆಯಾದ್ದರಿಂದ ಪ್ರತಿ ಬಂಧದ ಬಲವೂ ಕಡಿಮೆ. ಗುಂಪಿನ ತಳದ ದೊಡ್ಡ ಅಣುಗಳ ನಡುವೆ ಹೈಡ್ರೋಜನ್ ಬಂಧವಿಲ್ಲದಿದ್ದರೂ ಗಾತ್ರದಿಂದ ಬರುವ ಸಾಮಾನ್ಯ ಆಕರ್ಷಣೆ ಸಾಕಷ್ಟಿರುತ್ತದೆ. ಅಮೋನಿಯಾವನ್ನು ಹಿಂದಿಕ್ಕಲು ಅಷ್ಟು ಸಾಕು.

ಹೇಳಿಕೆ 4: "ಫ್ಲೋರಿನ್‌ನ ಎಲೆಕ್ಟ್ರೊನೆಗೆಟಿವಿಟಿ ಅತಿ ಹೆಚ್ಚು, ಹಾಗಾಗಿ HF ಅತಿ ಪ್ರಬಲ ಆಮ್ಲ"

ತೀರ್ಪು: ಸುಳ್ಳು. ಕ್ರಮ ತಲೆಕೆಳಗಾಗಿದೆ.

ಆಮ್ಲ ಎಂದರೆ ನೀರಿನಲ್ಲಿ ಹೈಡ್ರೋಜನ್ನನ್ನು ಅಯಾನಾಗಿ ಬಿಟ್ಟುಕೊಡುವುದು. ಬಿಟ್ಟುಕೊಡಬೇಕಾದರೆ ಬಂಧ ಮುರಿಯಬೇಕು. H–F ಬಂಧ ಮುರಿಯಲು ಸುಮಾರು 574 ಕಿಲೋಜೂಲ್ ಬೇಕು, H–I ಬಂಧಕ್ಕೆ ಸುಮಾರು 295. ಅಯೋಡಿನ್ ದೊಡ್ಡದು, ಹೈಡ್ರೋಜನ್ ದೂರದಲ್ಲಿ ಸಡಿಲವಾಗಿ ನೇತಾಡುತ್ತಿರುತ್ತದೆ. ಹೀಗಾಗಿ ಕ್ರಮ HF < HCl < HBr < HI. ಆಕ್ಸಿಜನ್ ಕುಟುಂಬದಲ್ಲೂ ಹಾಗೆಯೇ, H₂O < H₂S < H₂Se < H₂Te. ಗುಂಪಿನಲ್ಲಿ ಕೆಳಗಿಳಿಯುವಾಗ ಎಲೆಕ್ಟ್ರೊನೆಗೆಟಿವಿಟಿ ನೋಡಬೇಡಿ, ಬಂಧದ ಬಲ ನೋಡಿ.

ಇಲ್ಲಿಗೆ ನಿಲ್ಲಿಸಿದರೆ ಇನ್ನೊಂದು ತಪ್ಪು ತಿಳಿವಳಿಕೆ ಹುಟ್ಟುತ್ತದೆ. "HF ದುರ್ಬಲ ಆಮ್ಲ, ಹಾಗಾದರೆ ಅಪಾಯವಿಲ್ಲ" ಎಂದು ಯಾರಾದರೂ ಅಂದುಕೊಳ್ಳಬಹುದು. ರಸಾಯನಶಾಸ್ತ್ರದಲ್ಲಿ ದುರ್ಬಲ ಎಂದರೆ ನೀರಿನಲ್ಲಿ ಪೂರ್ತಿ ಅಯಾನುಗಳಾಗಿ ಒಡೆಯುವುದಿಲ್ಲ ಎಂದಷ್ಟೇ ಅರ್ಥ. ಈ ದುರ್ಬಲ ಆಮ್ಲ ಗಾಜನ್ನೇ ಕೊರೆಯುತ್ತದೆ. ಗಾಜಿನಲ್ಲಿರುವ ಸಿಲಿಕದ ಜೊತೆ ಅದರ ಕ್ರಿಯೆ ಇದು:

SiO₂ + 4HF → SiF₄ + 2H₂O

ಪ್ರಬಲವಾದ HCl ಗಾಜಿನ ಬಾಟಲಿಯಲ್ಲಿ ಸುಮ್ಮನಿರುತ್ತದೆ, HFಅನ್ನು ಪ್ಲಾಸ್ಟಿಕ್‌ನಲ್ಲಿಡಬೇಕು. ಕೆಲವು ತುಕ್ಕು ತೆಗೆಯುವ ದ್ರಾವಣಗಳಲ್ಲಿ HF ಇರುತ್ತದೆ. ಅದು ಚರ್ಮದ ಮೇಲೆ ಬಿದ್ದಾಗ, ದ್ರಾವಣ ತೆಳುವಾಗಿದ್ದರೆ ಮೊದಲಿಗೆ ಉರಿಯೂ ಗೊತ್ತಾಗದಿರಬಹುದು. ಪೂರ್ತಿ ಅಯಾನಾಗದ ಆ ಚಿಕ್ಕ ಅಣು ಚರ್ಮದೊಳಗೆ ಆಳಕ್ಕಿಳಿದು, ಮೈಯ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ರಕ್ತದ ಕ್ಯಾಲ್ಸಿಯಂ ಕುಸಿದರೆ ಹೃದಯದ ಬಡಿತಕ್ಕೇ ತೊಂದರೆ. ತಕ್ಷಣ ಧಾರಾಳ ನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗಬೇಕು. ಯಾವ ದ್ರಾವಣ ಬಿದ್ದಿತೆಂದು ವೈದ್ಯರಿಗೆ ಹೇಳುವುದು ಮುಖ್ಯ, ಏಕೆಂದರೆ ಇದಕ್ಕೆ ಕ್ಯಾಲ್ಸಿಯಂ ಗ್ಲುಕೊನೇಟ್ ಎಂಬ ಬೇರೆಯೇ ಚಿಕಿತ್ಸೆಯಿದೆ.

"ಉಪಯೋಗಗಳು" ಸಾಲು: ಇಲ್ಲಿ ಹುಷಾರು

ಚಾರ್ಟ್‌ನ ಕೊನೆಯಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ. "ಬ್ಲೀಚಿಂಗ್ ಪೌಡರ್: ಶುಚಿಗೆ. HCl: ಶುಚಿಗೆ. ಅಮೋನಿಯಾ: ಶುಚಿಗೆ." ಮೂರೂ ಬಿಡಿಬಿಡಿಯಾಗಿ ಸರಿ. ಆದರೆ "ಎರಡೂ ಬೆರೆಸಿದರೆ ಬಾತ್‌ರೂಮ್ ಟೈಲ್ಸ್ ಇನ್ನೂ ಫಳಫಳ" ಎಂಬ ಮನೆಮದ್ದಿನ ವಿಡಿಯೊ ಈ ಸಾಲಿನ ಜೊತೆ ಸೇರಿದರೆ ಅನಾಹುತ.

ಬಹಳಷ್ಟು ಟಾಯ್ಲೆಟ್ ಕ್ಲೀನರ್‌ಗಳಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದನ್ನು ಬ್ಲೀಚಿಂಗ್ ಪೌಡರ್ ಮೇಲೆ ಸುರಿದರೆ ಆಗುವುದು ಇದು:

CaOCl₂ + 2HCl → CaCl₂ + H₂O + Cl₂

ಕೊನೆಯಲ್ಲಿರುವ Cl₂ ಕ್ಲೋರಿನ್ ಅನಿಲ. ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. ಒಂದು ದೊಡ್ಡ ಚಮಚ, ಅಂದರೆ 15 ಗ್ರಾಂ ಬ್ಲೀಚಿಂಗ್ ಪೌಡರ್ ಎಂದುಕೊಳ್ಳಿ. ಅದರಿಂದ ಹೊರಬರಬಲ್ಲ ಕ್ಲೋರಿನ್ ತೂಕದ 30 ಭಾಗ ಎಂದಿಟ್ಟುಕೊಂಡರೆ 4.5 ಗ್ರಾಂ ಆಯಿತು. ಕ್ಲೋರಿನ್‌ನ ಒಂದು ಮೋಲ್ 71 ಗ್ರಾಂ, ಕೋಣೆಯ ಉಷ್ಣತೆಯಲ್ಲಿ ಅದು ಸುಮಾರು 24.5 ಲೀಟರ್ ಜಾಗ ತುಂಬುತ್ತದೆ. ಹಾಗಾಗಿ 4.5 ಗ್ರಾಂ ಎಂದರೆ ಸುಮಾರು ಒಂದೂವರೆ ಲೀಟರ್ ಅನಿಲ.

ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 2.4 ಮೀಟರ್ ಎತ್ತರದ ಬಚ್ಚಲುಮನೆಯಲ್ಲಿ 7,200 ಲೀಟರ್ ಗಾಳಿ ಇರುತ್ತದೆ. ಬಾಗಿಲು ಮುಚ್ಚಿದ್ದು ಅನಿಲವೆಲ್ಲ ಸಮನಾಗಿ ಹರಡಿದರೆ, ಹತ್ತು ಲಕ್ಷ ಭಾಗ ಗಾಳಿಯಲ್ಲಿ 200ಕ್ಕೂ ಹೆಚ್ಚು ಭಾಗ ಕ್ಲೋರಿನ್. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಯೋಷ್, ತಕ್ಷಣವೇ ಜೀವಕ್ಕೆ ಅಪಾಯ ಎಂದು ಗುರುತಿಸಿರುವ ಮಟ್ಟ 10 ಭಾಗ. ಮನೆಯಲ್ಲಿ ಕ್ರಿಯೆ ಪೂರ್ತಿ ನಡೆಯದಿರಬಹುದು, ಕಿಟಕಿ ತೆರೆದಿರಬಹುದು. ಆದರೆ ಲೆಕ್ಕದ ಇಪ್ಪತ್ತನೇ ಒಂದು ಭಾಗ ಅನಿಲ ಬಂದರೂ ಆ ಮಟ್ಟ ಮುಟ್ಟುತ್ತದೆ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ನೆಲದ ಹತ್ತಿರ ಶೇಖರವಾಗುತ್ತದೆ. ಕುಕ್ಕರಗಾಲಿನಲ್ಲಿ ಕೂತು ಉಜ್ಜುವವರ ಮುಖ ಇರುವುದೂ ಅಲ್ಲಿಯೇ.

ಬ್ಲೀಚ್ ಜೊತೆ ಅಮೋನಿಯಾ ಇರುವ ಕ್ಲೀನರ್ ಬೆರೆಸಿದರೂ ಅಪಾಯವೇ. ಅಲ್ಲಿ ಹ್ಯಾಲೊಜನ್ ಮತ್ತು ನೈಟ್ರೋಜನ್ ಸೇರಿ ಕ್ಲೋರಮೀನ್ ಎಂಬ ಇನ್ನೊಂದು ಉಸಿರುಗಟ್ಟಿಸುವ ಅನಿಲ ಹುಟ್ಟುತ್ತದೆ:

NH₃ + NaOCl → NH₂Cl + NaOH

ಹಸಿರು ಮಿಶ್ರಿತ ಹಳದಿ ಬಣ್ಣ ಕಾಣುವವರೆಗೆ ಕಾಯಬೇಡಿ. ಮೂಗಿಗೆ ಚುರ್ರೆನ್ನುವ ಘಾಟು, ಕಣ್ಣುರಿ, ಕೆಮ್ಮು ಇಷ್ಟೇ ಸೂಚನೆ ಸಾಕು. ಎಲ್ಲವನ್ನೂ ಅಲ್ಲೇ ಬಿಟ್ಟು ಬಯಲಿಗೆ ಬನ್ನಿ, ಮಕ್ಕಳನ್ನೂ ಹೊರಗೆ ಕರೆತನ್ನಿ. "ಸರಿಮಾಡುತ್ತೇನೆ" ಎಂದು ಮತ್ತೊಂದು ದ್ರಾವಣ ಸುರಿಯಬೇಡಿ. ಎದೆ ಬಿಗಿತ ಅಥವಾ ಉಸಿರಾಟದ ಕಷ್ಟ ಇದ್ದರೆ ಆಸ್ಪತ್ರೆಗೆ ಹೋಗಿ. ಶ್ವಾಸಕೋಶದಲ್ಲಿ ನೀರು ತುಂಬುವ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು, ಆದ್ದರಿಂದ "ಈಗ ಪರವಾಗಿಲ್ಲ" ಎಂದು ನಿರ್ಲಕ್ಷಿಸಬೇಡಿ.

ಹಾಗೆಂದು ಬ್ಲೀಚಿಂಗ್ ಪೌಡರ್ ಹಾಕಿದ ನಲ್ಲಿ ನೀರಿಗೆ ಹೆದರಬೇಕಿಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಉಳಿದಿರಬೇಕಾದ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ. ರೋಗಾಣು ಕೊಲ್ಲಲು ಅಷ್ಟೇ ಸಾಕು. ಬಚ್ಚಲುಮನೆಯ ಲೆಕ್ಕದಲ್ಲಿ ನಾವು ನೋಡಿದ್ದು 4,500 ಮಿಲಿಗ್ರಾಂ, ಅದೂ ನೇರ ಉಸಿರಿನ ಗಾಳಿಗೆ.

ಮುಂದಿನ ಚಾರ್ಟ್ ಬಂದಾಗ ಹೀಗೆ ಪರೀಕ್ಷಿಸಿ

ಕಳಿಸುವ ಮುನ್ನ ನಾಲ್ಕು ಕಡೆ ಕಣ್ಣು ಹಾಯಿಸಿ. ಎಲೆಕ್ಟ್ರಾನ್ ಗೇನ್ ಎಂಥಾಲ್ಪಿಯಲ್ಲಿ ಕ್ಲೋರಿನ್ ಮೇಲಿದೆಯೇ? ಬಂಧದ ಬಲದಲ್ಲಿ F₂ ಮೂರನೆಯ ಸ್ಥಾನದಲ್ಲಿದೆಯೇ? ಕುದಿಬಿಂದುವಿನ ಸಾಲಿನಲ್ಲಿ ಅಮೋನಿಯಾ ನಡುವೆ ಇದೆಯೇ? ಆಮ್ಲಗಳ ಸಾಲಿನಲ್ಲಿ HF ಕೊನೆಯಲ್ಲಿದೆಯೇ? ಇವುಗಳಲ್ಲಿ ಒಂದು ತಪ್ಪಿದ್ದರೂ, ಚಾರ್ಟ್ ಮಾಡಿದವರು ಗುಂಪಿನ ಮೊದಲ ಸದಸ್ಯನನ್ನು ನೋಡದೆ ಬಾಣ ಎಳೆದಿದ್ದಾರೆ ಎಂದರ್ಥ. ಅಂತಹ ಚಾರ್ಟ್‌ನ ಉಳಿದ ಸಾಲುಗಳನ್ನು ಪಠ್ಯಪುಸ್ತಕದ ಜೊತೆ ಹೋಲಿಸಿಯೇ ಓದಬೇಕು.

ನಮ್ಮ ತೀರ್ಮಾನ: ಹೇಳಿಕೆ 1 ಮತ್ತು 2 ಅರ್ಧ ಸತ್ಯ. ಹೇಳಿಕೆ 3 ಅಮೋನಿಯಾದ ವಿಷಯದಲ್ಲಿ ತಪ್ಪು. ಹೇಳಿಕೆ 4 ಸುಳ್ಳು. ಟಾಯ್ಲೆಟ್ ಕ್ಲೀನರ್ ಮತ್ತು ಬ್ಲೀಚಿಂಗ್ ಪೌಡರ್ ಬೆರೆಸುವ ಸಲಹೆ ಪ್ರಾಣಾಪಾಯಕಾರಿ. ಚಾರ್ಟ್ ಮರೆತರೂ ಪರವಾಗಿಲ್ಲ, ಈ ಕೊನೆಯ ಸಾಲನ್ನು ಮನೆಯ ಗ್ರೂಪ್‌ಗೆ ತಪ್ಪದೆ ಕಳಿಸಿ.